ಅಪ್‌ಡೇಟ್: ಬೆಂಗಳೂರಿಂದ ಗುವಾಹಟಿಗೆ ವರ್ಗಾವಣೆ

ನಾನು ಕೇಳಿದ್ದು: "ಓವರ್‌ಟೈಮ್ ಹಣ ಕೊಡಿ ಅಂತ ದೂರು ಕೊಟ್ಟೆ. ಮುಂದಿನ ವಾರವೇ ಗುವಾಹಟಿಗೆ ವರ್ಗ ಮಾಡಿದ್ದಾರೆ. ಹೋಗಲೇಬೇಕಾ?"

ವಕೀಲರು ಮೊದಲು ನೇಮಕಾತಿ ಪತ್ರ ನೋಡಿದರು. "ಭಾರತದ ಯಾವುದೇ ಶಾಖೆಗೆ ವರ್ಗಾಯಿಸಬಹುದು" ಅಂತ ಸಹಿ ಹಾಕಿದ್ದರೆ, ದೂರ ಜಾಸ್ತಿ ಅನ್ನೋ ಒಂದೇ ಕಾರಣಕ್ಕೆ ಆದೇಶ ರದ್ದಾಗೋದು ಕಷ್ಟವಂತೆ. ಅಲ್ಲಿ ನಿಜವಾಗಲೂ ಕೆಲಸ ಇದೆಯಾ, ಸಂಬಳ, ಹುದ್ದೆ ಹಾಗೇ ಉಳಿಯುತ್ತಾ, ಕಾರಣ ಏನು ಅನ್ನೋದೇ ಮುಖ್ಯ.

2008ರ ಸೋಮೇಶ್ ತಿವಾರಿ ಪ್ರಕರಣದ ಬಗ್ಗೆಯೂ ಹೇಳಿದರು. ಅನಾಮಧೇಯ ದೂರಿನ ಮೇಲೆ ಒಬ್ಬ ಕೇಂದ್ರ ನೌಕರರನ್ನು ಭೋಪಾಲದಿಂದ ಶಿಲ್ಲಾಂಗ್‌ಗೆ ಕಳಿಸಿದ್ದರು. ತನಿಖೆಯಲ್ಲಿ ಏನೂ ಸಿಗಲಿಲ್ಲ. ಶಿಕ್ಷೆಯ ಬದಲು ಮಾಡಿದ ವರ್ಗಾವಣೆ ಅಕ್ರಮ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಂಥ ಖಾಸಗಿ ಕಾರ್ಮಿಕರಿಗೂ ದಾರಿ ಇದೆ: ಕಂಪನಿ ನೀತಿಯ ನೆಪದಲ್ಲಿ ದುರುದ್ದೇಶದಿಂದ ವರ್ಗ ಮಾಡೋದು ಕಾರ್ಮಿಕ ಕಾನೂನಿನ ಪ್ರಕಾರ ಅನುಚಿತ ಕ್ರಮ. ಆದರೆ ದುರುದ್ದೇಶವನ್ನು ನಾವೇ ತೋರಿಸಬೇಕು.

ನನ್ನ ಹತ್ತಿರ ದೂರಿನ ಸ್ವೀಕೃತಿ ಇತ್ತು. ಮ್ಯಾನೇಜರ್ ಕಳಿಸಿದ "ದೂರು ವಾಪಸ್ ತಗೊಂಡ್ರೆ ಇಲ್ಲೇ ಇರಬಹುದು" ಅನ್ನೋ ಮೆಸೇಜೂ ಇತ್ತು. ಅದನ್ನು ನೋಡಿ ವಕೀಲರು, "ಇದೇ ಸಾಕ್ಷಿ, ಅಳಿಸಬೇಡಿ" ಅಂದರು. ಸುಮ್ನೆ ಗೈರಾದರೆ ಅದನ್ನೇ ತಪ್ಪು ಅಂತ ಹಿಡಿಯುತ್ತಾರೆ. ಹಾಗಾಗಿ ಆಕ್ಷೇಪಣೆಯನ್ನು ಬರೆದು ಕೊಟ್ಟೇ ಗುವಾಹಟಿಯಲ್ಲಿ ಹಾಜರಾದೆ. ಅಲ್ಲಿ ನನಗೆ ಮೇಜೂ ಇರಲಿಲ್ಲ, ಕೆಲಸವೂ ಇರಲಿಲ್ಲ.

ಅದನ್ನೂ ಸೇರಿಸಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು. ರಾಜಿ ಸಭೆಯಲ್ಲಿ ಕಂಪನಿ ಆದೇಶ ಹಿಂಪಡೆಯಿತು. ಓವರ್‌ಟೈಮ್ ಹಣ ಇನ್ನೂ ಬರಬೇಕು. ಆ ದೂರು ಹಾಗೇ ಇದೆ.