ಪದಚರ್ಚೆ: ‘ಇಮೋಷನಲ್ ಇಂಟೆಲಿಜೆನ್ಸ್’ಗೆ ಕನ್ನಡದಲ್ಲಿ ಒಂದೇ ಪದ ಸಾಕಾ?

ಸುಜಾತಾ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ತರಬೇತಿ ಕೊಡುವ ಸಂಸ್ಥೆಯೊಂದು ಬ್ಯಾಂಕಿನ ಕೌಂಟರ್ ಸಿಬ್ಬಂದಿಗೆಂದು ಮಾಡಿದ ಕೈಪಿಡಿ ಅದು. 16 ಪುಟ. ‘ಇಮೋಷನಲ್ ಇಂಟೆಲಿಜೆನ್ಸ್’ ಅನ್ನುವ ಮಾತು ಪುಟಪುಟಕ್ಕೂ ಬರುತ್ತದೆ.

ಮೊದಲು ‘ಭಾವನಾತ್ಮಕ ಬುದ್ಧಿಮತ್ತೆ’ ಅಂತ ಹಾಕುತ್ತಾ ಹೋದೆ. ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಅದೇ. ಆದರೆ ‘ಭಾಷಣ ಭಾವನಾತ್ಮಕವಾಗಿತ್ತು’ ಅಂದರೆ ಕೇಳಿದವರ ಕಣ್ಣಲ್ಲಿ ನೀರು ಬಂತು ಅಂತ. ‘ಭಾವನಾತ್ಮಕವಾಗಿ ಯೋಚಿಸಬೇಡ’ ಅಂದರೆ ಸ್ವಲ್ಪ ತಲೆ ಓಡಿಸು ಅಂತ. ಹಾಗಾಗಿ ‘ಭಾವನಾತ್ಮಕ ಬುದ್ಧಿಮತ್ತೆ’ ಅಂದಾಗ ನನ್ನ ಕಿವಿಗೆ ಭಾವನೆಯಲ್ಲಿ ಕೊಚ್ಚಿಹೋಗುವ ಬುದ್ಧಿ ಅಂತ ಕೇಳುತ್ತದೆ. ಬೇಕಾಗಿದ್ದು ಅದರ ಉಲ್ಟಾ ಅಲ್ವಾ? ‘ಭಾವನಾ ಬುದ್ಧಿ’ ಅಂತ ಚಿಕ್ಕದು ಮಾಡಿ ನೋಡಿದೆ. ತಮ್ಮ ಕರಡು ಓದಿ, ‘ಯಾವ ಭಾವನ ಬುದ್ಧಿ ಅಕ್ಕಾ, ಜಮಖಂಡಿ ಭಾವಂದಾ?’ ಅಂತ ನಕ್ಕ.

ಇನ್ನೊಂದು ತೊಡಕೂ ಇದೆ. ಪುಟ 3ರಲ್ಲಿ ಈ ಪದಕ್ಕೆ ಎದುರಿನವರ ಮುಖ, ದನಿ ನೋಡಿ ಅವರಿಗೆ ಏನನ್ನಿಸುತ್ತಿದೆ ಎಂದು ಗುರುತಿಸುವ ಶಕ್ತಿ ಅನ್ನುವ ಅರ್ಥ. ಪುಟ 7ಕ್ಕೆ ಬಂದರೆ ಅದೇ ಪದದೊಳಗೆ ಛಲ, ಆಶಾವಾದ, ಜನರ ಜೊತೆ ಬೆರೆಯುವುದು ಎಲ್ಲ ಸೇರಿಕೊಂಡಿವೆ. ಪುಟ 9ರಲ್ಲಿ ‘ಬದುಕಿನ ಯಶಸ್ಸಿನಲ್ಲಿ ಐಕ್ಯೂ ಪಾಲು ಶೇ 20, ಉಳಿದ ಶೇ 80 ಇದರದು’ ಎಂದಿದೆ. ಈ ಮೂರಕ್ಕೂ ಒಂದೇ ಕನ್ನಡ ಪದ ಹೊಂದುತ್ತದಾ?

ಶಿವಾನಂದ ಮಾಸ್ತರ್, ಬಾಗಲಕೋಟೆ

ಇದರಲ್ಲಿ ಗೊಂದಲ ಯಾಕೆ ತಂಗಿ? ಬಿ.ಎಡ್ ಪುಸ್ತಕಗಳಲ್ಲಿ ‘ಸಂವೇಗಾತ್ಮಕ ಬುದ್ಧಿಶಕ್ತಿ’ ಎಂದು ಬಹಳ ವರ್ಷಗಳಿಂದ ಇದೆ. ನಾನೇ ಪಾಠ ಮಾಡಿದ್ದೇನೆ. ಗೋಲ್ಮನ್ 1995ರಲ್ಲಿ ಈ ಪದ ಹುಟ್ಟಿಸಿದರು. ಐಕ್ಯೂ 20, ಇದು 80 ಎಂದು ಲೆಕ್ಕ ಹಾಕಿ ತೋರಿಸಿದವರೂ ಅವರೇ. ಪುಟ 9 ಸರಿಯಾಗಿಯೇ ಇದೆ.

ಮಲ್ಲಪ್ಪ, ಅಥಣಿ

ಪದದ ವಿಷಯ ನನಗೆ ಗೊತ್ತಿಲ್ಲ. ಆದರೆ ಈ ಪರೀಕ್ಷೆ ನಾನೂ ಬರೆದಿದ್ದೇನೆ. 22 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಇದ್ದೆ. ಒಮ್ಮೆ ತರಬೇತಿಗೆ ಕರೆದು ಒಂದು ಹಾಳೆ ಕೊಟ್ಟರು. ‘ನಾನು ಸಿಟ್ಟನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇನೆ’, ‘ಬೇರೆಯವರ ಕಷ್ಟ ನನಗೆ ಬೇಗ ತಿಳಿಯುತ್ತದೆ’, ಹೀಗೆ. 1ರಿಂದ 5ರ ತನಕ ಗುರುತು ಹಾಕಬೇಕು. ಎಲ್ಲದಕ್ಕೂ 5 ಹಾಕಿದೆ, ಎರಡಕ್ಕೆ ಮಾತ್ರ 4. ಇಡೀ ಗುಂಪಿಗೆ ನಾನೇ ಫಸ್ಟ್. ಚಪ್ಪಾಳೆ ಹೊಡೆದರು. ಮರುದಿನ ಚಿಲ್ಲರೆ ವಿಷಯಕ್ಕೆ ಒಬ್ಬ ಮುದುಕನ ಜೊತೆ ಅದೆಂಥ ಜಗಳ ಅಂತೀರಿ, ಬಸ್ಸು ಹತ್ತು ನಿಮಿಷ ನಿಂತಿತು. ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತು?

ಗಿರಿಜಾ, ಇಳಕಲ್

ಸುಜಾತಾ ಅವರೇ, ನಮ್ಮ ಕಡೆ ಇದಕ್ಕೆ ಒಳ್ಳೆಯ ಪದವೇ ಇದೆ: ಅಂತಃಕರಣ. ‘ಆಕೆಗೆ ಅಂತಃಕರಣ ಬಹಳ’ ಅಂದರೆ ಎದುರಿನವರ ನೋವು ಬಾಯಿ ಬಿಟ್ಟು ಹೇಳದಿದ್ದರೂ ತಿಳಿಯುತ್ತದೆ ಅಂತ. ಪುಸ್ತಕದ ಪದ ಯಾಕೆ ಬೇಕು?

ವಿದ್ಯಾ, ಬೆಳಗಾವಿ

ಮನಃಶಾಸ್ತ್ರ ಪಾಠ ಮಾಡುವವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮಾಸ್ತರ್, ಪದ ಗೋಲ್ಮನ್ ಅವರದಲ್ಲ. ಅವರು ನ್ಯೂಯಾರ್ಕ್ ಟೈಮ್ಸ್‌ಗೆ ವಿಜ್ಞಾನ ಬರೆಯುತ್ತಿದ್ದವರು. 1995ರ ಅವರ ಪುಸ್ತಕದಿಂದ ಪದ ಮನೆಮಾತಾಯಿತು ಅಷ್ಟೆ. ಅದಕ್ಕೆ ಐದು ವರ್ಷ ಮೊದಲು, 1990ರಲ್ಲಿ, ಸಲೋವಿ ಮತ್ತು ಮೇಯರ್ ಎಂಬ ಮನಃಶಾಸ್ತ್ರಜ್ಞರು ಈ ಹೆಸರಿನ ಲೇಖನ ಬರೆದಿದ್ದರು. ಅವರಿಗಿಂತ ಮೊದಲೂ ಈ ಪದ ಬಿಡಿಬಿಡಿಯಾಗಿ ಬಳಕೆಯಾಗಿತ್ತು. ಇನ್ನು 80ರ ಕಥೆ. ಯಶಸ್ಸಿನಲ್ಲಿ ಐಕ್ಯೂ ಪಾಲು ಹೆಚ್ಚೆಂದರೆ ಶೇ 20, ಉಳಿದದ್ದು ಬೇರೆ ಸಂಗತಿಗಳದು ಅಂತ ಆ ಪುಸ್ತಕದಲ್ಲಿದೆ. ಬೇರೆ ಸಂಗತಿ ಅಂದರೆ ಹುಟ್ಟಿದ ಮನೆ, ಕೈಯಲ್ಲಿರುವ ದುಡ್ಡು, ಅದೃಷ್ಟ, ಎಲ್ಲವೂ. ಮಾರುವವರು ಆ 80ನ್ನು ಪೂರ್ತಿ ತಮ್ಮ ಸರಕಿನ ಲೆಕ್ಕಕ್ಕೆ ಬರೆದುಕೊಂಡರು. ಹೊಲದ ಇಳುವರಿಯಲ್ಲಿ ಬೀಜದ ಪಾಲು 20 ಅಂದ ಮಾತ್ರಕ್ಕೆ ಉಳಿದ 80 ನಮ್ಮ ಗೊಬ್ಬರದ್ದು ಅಂತ ಅಂಗಡಿಯವನು ಹೇಳಿದರೆ ಯಾರಾದರೂ ನಂಬುತ್ತಾರಾ? ನೀರು ಎಲ್ಲಿ ಹೋಯಿತು, ಮಣ್ಣು ಎಲ್ಲಿ ಹೋಯಿತು?

ಸುಜಾತಾ ಅವರಿಗೆ ಪುಟ 3 ಮತ್ತು ಪುಟ 7ರ ನಡುವೆ ಕಂಡ ಬಿರುಕು ನಿಜವಾದದ್ದು. ಸಂಶೋಧನೆಯಲ್ಲೂ ಅದೇ ಬಿರುಕಿದೆ. ಒಂದೇ ಹೆಸರಿನಲ್ಲಿ ಎರಡು ಬೇರೆ ಅಳತೆಗಳು ಓಡಾಡುತ್ತಿವೆ.

ಒಂದು, ಮಲ್ಲಪ್ಪನವರು ಬರೆದಂಥದ್ದು. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳುವುದು. ಇನ್ನೊಂದು, ಗಣಿತದ ಪರೀಕ್ಷೆಯಂತೆ ಪ್ರಶ್ನೆ ಕೊಟ್ಟು ಉತ್ತರ ಕೇಳುವುದು. ಮೇಯರ್, ಸಲೋವಿ, ಕರೂಸೊ ಮಾಡಿದ ಎಂಎಸ್‌ಸಿಇಐಟಿ ಎಂಬ ಪರೀಕ್ಷೆ ಈ ಜಾತಿಯದು. ಅದರ 2002ರ ಆವೃತ್ತಿಯಲ್ಲಿ 141 ಪ್ರಶ್ನೆ. ಮುಖದ ಫೋಟೊ ತೋರಿಸಿ ಇದರಲ್ಲಿ ಎಷ್ಟು ಸಿಟ್ಟಿದೆ, ಎಷ್ಟು ಹೆದರಿಕೆ ಇದೆ ಎಂದು ಕೇಳುತ್ತಾರೆ. ಸಣ್ಣ ಸನ್ನಿವೇಶ ಕೊಟ್ಟು ಆಕೆಗೆ ಏನನ್ನಿಸಿರಬೇಕು ಎಂದು ಕೇಳುತ್ತಾರೆ. ಇವೆರಡೂ ಒಂದೇ ಗುಣವನ್ನು ಅಳೆಯುವುದಾದರೆ ಒಂದರಲ್ಲಿ ಮೇಲಿರುವವರು ಇನ್ನೊಂದರಲ್ಲೂ ಮೇಲಿರಬೇಕು, ಅಲ್ವಾ? ನೋಡಿದರೆ ನಂಟು ಬಹಳ ತೆಳು, ಸುಮಾರು 0.2. ಪೂರ್ತಿ ಜೊತೆಗೆ ಹೋದರೆ 1, ಸಂಬಂಧವೇ ಇಲ್ಲದಿದ್ದರೆ 0. ಅಂದರೆ ‘ನನಗೆ ಜನರ ಮನಸ್ಸು ತಿಳಿಯುತ್ತದೆ’ ಅನ್ನುವವರಿಗೆ ನಿಜವಾಗಿ ತಿಳಿಯುತ್ತದೋ ಇಲ್ಲವೋ ಎಂಬುದನ್ನು ಅವರ ಮಾತಿನಿಂದ ಹೇಳಲಾಗದು. ಮಲ್ಲಪ್ಪನವರ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಆ ಹಾಳೆ ಅಳೆದದ್ದೇ ಬೇರೆ.

ಹಾಗಾದರೆ ಆ ಹಾಳೆ ಸುಳ್ಳಾ? ಪೂರ್ತಿ ಸುಳ್ಳಲ್ಲ. ಅಂಥ ಹಾಳೆಯ ಅಂಕ ಕೆಲಸದ ಗುಣಮಟ್ಟವನ್ನು ಸುಮಾರಾಗಿ ಊಹಿಸುತ್ತದೆ. ಮಾರುವವರು ತೋರಿಸುವುದು ಇದನ್ನೇ. ಆದರೆ ಜೋಸೆಫ್, ನ್ಯೂಮನ್ ಮತ್ತು ಜೊತೆಗಾರರು 2015ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ಒಂದು ಲೆಕ್ಕ ಹಾಕಿದರು. ಕೆಲಸದಲ್ಲಿ ಶ್ರದ್ಧೆ, ಮನಸ್ಸಿನ ಸ್ಥಿರತೆ, ಜನರ ಜೊತೆ ಬೆರೆಯುವ ಸ್ವಭಾವ, ಬುದ್ಧಿಶಕ್ತಿ, ತನ್ನ ಮೇಲೆ ತನಗಿರುವ ನಂಬಿಕೆ, ಇಂಥವನ್ನು ಬೇರೆ ಬೇರೆಯಾಗಿ ಅಳೆದು ಅವುಗಳ ಪಾಲನ್ನು ಕಳೆದರು. ಆಮೇಲೆ ಆ ಹಾಳೆಗೆ ಹೇಳಲು ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಹಳೆಯ ಐದಾರು ಡಬ್ಬಿಗಳ ಸಾಮಾನನ್ನು ಒಂದೇ ಡಬ್ಬಿಗೆ ಸುರಿದು ಹೊಸ ಚೀಟಿ ಅಂಟಿಸಿದ ಹಾಗಿದೆ. ನಿಮ್ಮ ಪುಟ 7 ಆ ಡಬ್ಬಿ.

ಪುಟ 3ರ ಅರ್ಥಕ್ಕೆ ಆಧಾರ ಸ್ವಲ್ಪ ಗಟ್ಟಿ, ಆದರೆ ಸಣ್ಣದು. 2020ರಲ್ಲಿ ಮಕ್ಯಾನ್ ಮತ್ತು ಜೊತೆಗಾರರು 42,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಪ್ರಶ್ನೆ-ಉತ್ತರದ ಪರೀಕ್ಷೆಗೂ ಓದಿನ ಅಂಕಕ್ಕೂ 0.24ರಷ್ಟು ನಂಟು ಕಂಡಿತು. ತಾವೇ ಹೇಳಿಕೊಂಡದ್ದಕ್ಕೆ ಅದರ ಅರ್ಧ. ಕೆಲಸದ ವಿಷಯದಲ್ಲಿ ಇನ್ನೊಂದು ಮಾತಿದೆ. ಇಡೀ ದಿನ ಜನರ ಮುಂದೆ ಮುಖ ಸಮಾಧಾನವಾಗಿ ಇಟ್ಟುಕೊಳ್ಳಬೇಕಾದ ಕೆಲಸಗಳಲ್ಲಿ ಈ ಶಕ್ತಿ ನೆರವಾಗುತ್ತದೆ. ಕಂಡಕ್ಟರ್, ನರ್ಸ್, ನಿಮ್ಮ ಬ್ಯಾಂಕ್ ಕೌಂಟರ್ ಇಂಥವು. ಒಬ್ಬರೇ ಕುಳಿತು ಮಾಡುವ ಕೆಲಸದಲ್ಲಿ ಅದರ ಪ್ರಯೋಜನ ಕಾಣುವುದಿಲ್ಲ. ಎಲ್ಲರಿಗೂ, ಎಲ್ಲ ಕೆಲಸಕ್ಕೂ ಅನ್ನುವುದು ಮಾರಾಟದ ಮಾತು.

ಗಿರಿಜಕ್ಕಾ, ಅಂತಃಕರಣ ನನಗೂ ಇಷ್ಟದ ಪದ. ಆದರೆ ಅದರಲ್ಲಿ ಒಳ್ಳೆಯತನ ಸೇರಿಕೊಂಡಿದೆ. ಮುಖ ನೋಡಿ ಮನಸ್ಸು ಓದುವ ಶಕ್ತಿ ಬಡ್ಡಿ ಸಾಹುಕಾರನಿಗೂ ಇರುತ್ತದೆ. ಅವನಿಗೆ ಅಂತಃಕರಣ ಇದೆ ಅನ್ನಲಾಗುವುದಿಲ್ಲವಲ್ಲ.

ಶಿವಾನಂದ ಮಾಸ್ತರ್, ಬಾಗಲಕೋಟೆ

80ರ ವಿಷಯ ಒಪ್ಪಿದೆ. ಹಾಗೆಯೇ ಓದಿ ಹಾಗೆಯೇ ಪಾಠ ಮಾಡಿದ್ದೆ. ಆದರೆ ಒಂದು ಕೇಳುತ್ತೇನೆ. ಗಣಿತದಲ್ಲಿ ಏಳೆಂಟಲ ಐವತ್ತಾರು. ‘ಆಕೆಗೆ ಏನನ್ನಿಸಿತು’ ಎಂಬುದಕ್ಕೆ ಸರಿಯುತ್ತರ ಯಾರ ಹತ್ತಿರ ಇದೆ? ಅದಿಲ್ಲದೆ ‘ಬುದ್ಧಿಶಕ್ತಿ’ ಎಂದು ಹೇಗೆ ಕರೆಯುವುದು?

ವಿದ್ಯಾ, ಬೆಳಗಾವಿ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಆ ಪರೀಕ್ಷೆಯ ದುರ್ಬಲ ಜಾಗ ಇದೇ. ಒಂದು ದಾರಿಯಲ್ಲಿ ಬಹಳ ಜನ ಕೊಟ್ಟ ಉತ್ತರವೇ ಸರಿಯುತ್ತರ. ನೂರರಲ್ಲಿ 60 ಜನ ಆರಿಸಿದ್ದನ್ನು ನೀವೂ ಆರಿಸಿದರೆ 0.60 ಅಂಕ. 10 ಜನ ಆರಿಸಿದ್ದಾದರೆ 0.10. ಇನ್ನೊಂದು ದಾರಿಯಲ್ಲಿ ಭಾವನೆಗಳ ಬಗ್ಗೆ ಸಂಶೋಧನೆ ಮಾಡುವ 21 ಜನರ ಅಭಿಪ್ರಾಯವೇ ಸರಿಯುತ್ತರದ ಕೀಲಿ. ಎರಡರಲ್ಲೂ, ಎಲ್ಲರಿಗಿಂತ ಸೂಕ್ಷ್ಮವಾಗಿ ಕಂಡವರಿಗೆ ಅಂಕ ಕಡಿಮೆ ಬೀಳುವ ಅಪಾಯ ಇದೆ. ಕಠಿಣ ಪ್ರಶ್ನೆ ಮಾಡುವುದೂ ಕಷ್ಟ, ಯಾಕೆಂದರೆ ಹೆಚ್ಚಿನ ಜನ ತಪ್ಪು ಮಾಡುವ ಪ್ರಶ್ನೆಯಲ್ಲಿ ಆ ತಪ್ಪೇ ಸರಿಯುತ್ತರ ಆಗಿಬಿಡುತ್ತದೆ.

ಕನ್ನಡಕ್ಕೆ ತಂದರೆ ಇನ್ನೂ ಕಷ್ಟ. ನಮ್ಮ ‘ಬೇಸರ’ ನೋಡಿ. ಹೊತ್ತು ಹೋಗದಿದ್ದರೂ ಬೇಸರ, ಯಾರೋ ಸತ್ತರೂ ಬೇಸರ, ಮಾತು ಚುಚ್ಚಿದರೂ ಬೇಸರ. ಇಂಗ್ಲಿಷಿನ ಮೂರು ಆಯ್ಕೆಗಳು ಕನ್ನಡದಲ್ಲಿ ಒಂದಾಗಿಬಿಡುತ್ತವೆ. ಆಗ ಹಳೆಯ ಕೀಲಿ ನಡೆಯುವುದಿಲ್ಲ. ಕನ್ನಡದವರಿಂದಲೇ ಉತ್ತರ ಕೂಡಿಸಿ ಹೊಸ ಕೀಲಿ ಮಾಡಬೇಕು.

ಸುಮ್ನೆ ಒಂದು ಪ್ರಶ್ನೆ, ನಾನೇ ಕಟ್ಟಿದ್ದು. ಶಾಂತವ್ವ ತಾನು ನೇಯ್ದ ಸೀರೆಯನ್ನು 4,000ಕ್ಕೆ ಮಾರಿ ಖುಷಿಯಿಂದ ಮನೆಗೆ ಬಂದಳು. ಪಕ್ಕದ ಮನೆಯವಳು ಅಂಥದ್ದೇ ಸೀರೆಯನ್ನು ಅದೇ ದಿನ 5,000ಕ್ಕೆ ಮಾರಿದ್ದು ಗೊತ್ತಾಯಿತು. ಆಗ ಶಾಂತವ್ವನಿಗೆ ಏನನ್ನಿಸಿರಬೇಕು? ಸಿಟ್ಟು, ಹೊಟ್ಟೆಕಿಚ್ಚು, ಬೇಸರ, ನಾಚಿಕೆ. ಒಂದನ್ನು ಆರಿಸಿ.

ಸುಜಾತಾ, ವಿಜಯಪುರ

ಪುಟ 3ಕ್ಕೆ ‘ಭಾವ ಅರಿಯುವ ಜಾಣ್ಮೆ’ ಅಂತ ಹಾಕಿದ್ದೇನೆ. ಉದ್ದ ಆಯಿತು, ಆದರೆ ಯಾರ ಭಾವನೂ ನಡುವೆ ಬರುವುದಿಲ್ಲ. ಪುಟ 7ಕ್ಕೆ ‘ಸ್ವಭಾವದ ಗುಣಗಳು’ ಅಂತ ಬರೆದು ಪಕ್ಕದಲ್ಲಿ ಟಿಪ್ಪಣಿ ಇಟ್ಟಿದ್ದೆ. ಸಂಸ್ಥೆಯವರು ಒಪ್ಪಲಿಲ್ಲ. ಎಲ್ಲ ಕಡೆ ಒಂದೇ ಪದ ಇರಬೇಕಂತೆ, ಮರಾಠಿ ಪ್ರತಿಯಲ್ಲಿ ಎಲ್ಲ ಕಡೆ ‘ಭಾವನಿಕ ಬುದ್ಧಿಮತ್ತಾ’ ಅಂತಲೇ ಇದೆಯಂತೆ. 80ರ ಸಾಲು ತೆಗೆಯೋಣ ಅಂದಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಶಾಂತವ್ವನ ಪ್ರಶ್ನೆಗೆ ನನ್ನ ಉತ್ತರ ಬೇಸರ.

ಮಲ್ಲಪ್ಪ, ಅಥಣಿ

ಹೊಟ್ಟೆಕಿಚ್ಚು. ಇದರಲ್ಲಿ ಯೋಚನೆ ಮಾಡುವುದು ಏನಿದೆ?

ಗಿರಿಜಾ, ಇಳಕಲ್

ನಮ್ಮ ಮನೆಯಲ್ಲಿ ಮಗ್ಗ ಇತ್ತು, ಇದು ನೋಡಿದ ಕಥೆ. ಪಕ್ಕದವಳ ಮೇಲೆ ಕಿಚ್ಚು ಬರುವುದಿಲ್ಲ, ಆಕೆಯೂ ಅಷ್ಟೇ ದಿನ ಮಗ್ಗದಲ್ಲಿ ಕೂತವಳು. ‘ಒಂದು ತಾಸು ತಡೆದಿದ್ದರೆ, ಇನ್ನೊಂದು ಅಂಗಡಿಗೆ ಹೋಗಿದ್ದರೆ’ ಅಂತ ರಾತ್ರಿಯೆಲ್ಲ ಒಳಗೊಳಗೇ ಕೊರೆಯುತ್ತದೆ. ಅದಕ್ಕೆ ಹಳಹಳಿ ಅನ್ನುತ್ತಾರೆ. ನಿಮ್ಮ ನಾಲ್ಕರಲ್ಲಿ ಅದು ಇಲ್ಲವೇ ಇಲ್ಲ.

ವಿದ್ಯಾ, ಬೆಳಗಾವಿ

ಇಲ್ಲ ಅಕ್ಕಾ. ಪ್ರಶ್ನೆ ಕಟ್ಟುವಾಗ ನನಗೆ ಹೊಳೆಯಲೇ ಇಲ್ಲ.

ಮಲ್ಲಪ್ಪ, ಅಥಣಿ

ಹಾಗಾದರೆ ನನಗೆ ಎಷ್ಟು ಅಂಕ?