ಪದಚರ್ಚೆ: ಕಡಲಾಮೆ ಮರಿಗೆ ‘ಲಿಂಗ ನಿರ್ಧಾರ’ ಎನ್ನಬಹುದೇ?

ಮಾನ್ಯರೇ,

ಹೈಸ್ಕೂಲು ಮಕ್ಕಳಿಗಾಗಿ ಕಡಲಾಮೆಗಳ ಬಗ್ಗೆ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಕಡಲಾಮೆಗೆ ನಮ್ಮ ಹಾಗೆ ಗಂಡು ಹೆಣ್ಣನ್ನು ಗೊತ್ತುಮಾಡುವ ವರ್ಣತಂತುಗಳಿಲ್ಲ. ತಾಯಿ ಮೊಟ್ಟೆಗಳನ್ನು ಮರಳಿನಲ್ಲಿ ಹೂತು ಹೋದ ಮೇಲೆ ಆ ಗುಂಡಿಯ ಬಿಸಿಯೇ ಅದನ್ನು ಗೊತ್ತುಮಾಡುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧಕ್ಕರ್ಧ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಇದನ್ನು ‘ತಾಪಾಧಾರಿತ ಲಿಂಗ ನಿರ್ಧಾರ’ ಎಂದು ಬರೆದಿದ್ದೆ. ಕರಡು ಓದಿದ ಶಿಕ್ಷಕರು, ಮಕ್ಕಳಿಗೆ ಆಸ್ಪತ್ರೆಯ ಗೋಡೆಯ ಮೇಲಿನ ಭ್ರೂಣಲಿಂಗ ಪತ್ತೆಯ ಎಚ್ಚರಿಕೆ ಫಲಕವೇ ನೆನಪಾಗುತ್ತದೆ ಎಂದರು. ಬೇರೆ ಪದವಿದೆಯೇ? ಆ ಅರ್ಧಕ್ಕರ್ಧದ ಬಿಸಿಗೆ ಏನೆನ್ನಬೇಕು? ಹೆಣ್ಣುಗಳೇ ಹೆಚ್ಚುತ್ತಿರುವುದಕ್ಕೆ ‘ಹೆಣ್ಣೀಕರಣ’ ಸರಿಯೇ?

— ಮೈಸೂರಿನಿಂದ

ಮೇಡಂ,

‘ಪತ್ತೆ’ ಎಂದರೆ ಇರುವುದನ್ನು ಕಂಡುಹಿಡಿಯುವುದು. ‘ನಿರ್ಧಾರ’ದಲ್ಲಿ ಯಾರೋ ಕುಳಿತು ತೀರ್ಮಾನಿಸಿದ ಅರ್ಥವಿದೆ. ನನಗೆ ‘ಕಾವು’ ಎಂಬ ಪದ ಬೇಕೆನಿಸುತ್ತದೆ. ಬಿಸಿ, ಮೊಟ್ಟೆಗೆ ಕೊಡುವ ಶಾಖ ಎರಡೂ ಅದರಲ್ಲಿವೆ. ಇಲ್ಲಿ ತಾಯಿಯ ಬದಲು ಮರಳು ಕಾವು ಕೊಡುತ್ತದೆ. ‘ಗೂಡಿನ ಸರಾಸರಿ ಕಾವು 29 ಡಿಗ್ರಿ ದಾಟಿದರೆ ಮರಿಗಳು ಹೆಣ್ಣು’ ಎಂದು ಬರೆದರೆ ಮಕ್ಕಳಿಗೆ ಸಾಕು.

— ಧಾರವಾಡದಿಂದ, ನಿವೃತ್ತ ಕನ್ನಡ ಅಧ್ಯಾಪಕ

ನಮ್ಮಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರವಿದೆ. ಹುಂಜಗಳೇ ಹೆಚ್ಚು ಬಂದು ನಷ್ಟವಾಗುತ್ತಿದೆ. ಬಿಸಿ ಸ್ವಲ್ಪ ಏರಿಸಿದರೆ ಹೇಟೆಗಳು ಹೆಚ್ಚಾಗಬಹುದೇ?

— ತಿಪಟೂರಿನಿಂದ

ತಿಪಟೂರಿನವರೇ, ದಯವಿಟ್ಟು ಏರಿಸಬೇಡಿ. ಕೋಳಿಯ ಲಿಂಗ ವರ್ಣತಂತುವಿನಿಂದ ಮೊದಲೇ ಗೊತ್ತಾಗಿರುತ್ತದೆ. ಬಿಸಿ ಹೆಚ್ಚಾದರೆ ಮರಿಗಳು ಸಾಯುತ್ತವೆ, ಅಷ್ಟೇ.

ಅಧ್ಯಾಪಕರ ‘ಕಾವು’ ನನಗೂ ಇಷ್ಟ. ಆದರೆ ‘ಸರಾಸರಿ’ ಎಂಬ ಮಾತು ಹಾದಿ ತಪ್ಪಿಸುತ್ತದೆ. ಮೊಟ್ಟೆ ಒಡೆಯಲು 54 ದಿನ ಬೇಕೆಂದುಕೊಳ್ಳಿ. ಲಿಂಗ ಗೊತ್ತಾಗುವುದು ನಡುವಿನ ಮೂರನೆಯ ಒಂದು ಭಾಗದಲ್ಲಿ, ಅಂದರೆ ಸರಿಸುಮಾರು 18ರಿಂದ 36ನೆಯ ದಿನದವರೆಗೆ. ಒಂದು ಗೂಡು ಮೊದಲ 18 ದಿನ 28 ಡಿಗ್ರಿ, ನಡುವಿನ 18 ದಿನ 31, ಕೊನೆಗೆ ಮತ್ತೆ 28 ಇತ್ತು ಎನ್ನಿ. ಇನ್ನೊಂದು 30, 27, 30. ಎರಡರ ಸರಾಸರಿಯೂ 29. ಆದರೆ ಮೊದಲನೆಯದರಲ್ಲಿ ಬಹುತೇಕ ಹೆಣ್ಣು, ಎರಡನೆಯದರಲ್ಲಿ ಬಹುತೇಕ ಗಂಡು ಹುಟ್ಟುತ್ತವೆ. ನಡುವಿನ ದಿನಗಳಲ್ಲಿ ಒಂದು ಜೋರು ಮಳೆ ಬಂದರೂ ಲೆಕ್ಕ ಬದಲಾಗುತ್ತದೆ. ಕೊನೆಯ ದಿನಗಳಲ್ಲಿ ಮರಿಗಳ ಮೈಶಾಖವೇ ಗೂಡನ್ನು ಬಿಸಿಮಾಡುತ್ತದೆ, ಆದರೆ ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮುಗಿದಿರುತ್ತದೆ.

ಆ ನಡುಗಾಲದವರೆಗೆ ಮರಿಯೊಳಗಿನ ಜನನಾಂಗದ ಮೊಳಕೆ ಎರಡೂ ಕಡೆ ಹೋಗಬಲ್ಲ ಸ್ಥಿತಿಯಲ್ಲಿರುತ್ತದೆ. ಬಿಸಿಯಾದರೆ ಅರೊಮಟೇಸ್ ಎಂಬ ಕಿಣ್ವ ಹೆಚ್ಚಿ, ಈಸ್ಟ್ರೋಜನ್ ತಯಾರಾಗಿ, ಅದು ಅಂಡಾಶಯವಾಗುತ್ತದೆ. ಆದ್ದರಿಂದ ‘ಹೆಣ್ಣೀಕರಣ’ ಬೇಡವೇ ಬೇಡ. ಗಂಡಾಗಿದ್ದುದನ್ನು ಹೆಣ್ಣು ಮಾಡಿದರು ಎಂದು ಕೇಳಿಸುತ್ತದೆ. ಇಲ್ಲಿ ಯಾವ ಗಂಡೂ ಹೆಣ್ಣಾಗಿಲ್ಲ, ಗಂಡುಗಳು ಹುಟ್ಟುವುದೇ ಕಡಿಮೆಯಾಗಿದೆ.

ಇದು ಎಷ್ಟು ದೂರ ಹೋಗಿದೆ ಎಂಬುದಕ್ಕೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹಸಿರು ಕಡಲಾಮೆಗಳನ್ನು ನೋಡಿ. ಮರಿಯ ಹೊರಮೈ ನೋಡಿ ಲಿಂಗ ಹೇಳಲಾಗದು. ಹಾಗಾಗಿ ಸಂಶೋಧಕರು ಮೇಯುವ ತಾಣದಲ್ಲಿ ಆಮೆಗಳನ್ನು ಹಿಡಿದು, ರಕ್ತದ ಹಾರ್ಮೋನಿನಿಂದ ಲಿಂಗವನ್ನೂ ವಂಶವಾಹಿಯಿಂದ ಹುಟ್ಟಿದ ತೀರವನ್ನೂ ಗುರುತಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಉತ್ತರದ ಬಿಸಿ ತೀರಗಳಿಂದ ಬಂದ ಎಳೆಯ ಆಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣು. ಬೆಳೆದವುಗಳಲ್ಲಿ ಸುಮಾರು ಶೇ 87. ದಕ್ಷಿಣದ ತಂಪು ತೀರಗಳವುಗಳಲ್ಲಿ ಶೇ 65ರಿಂದ 69. ಹಳೆಯ ತಲೆಮಾರಿಗೂ ಹೊಸದಕ್ಕೂ ಇರುವ ಆ ಅಂತರ ನನ್ನನ್ನು ಕಾಡುತ್ತದೆ.

— ಕುಮಟಾದಿಂದ, ಕಡಲಜೀವಿ ಸಂಶೋಧಕಿ

ಹಾಗಾದರೆ ಅಲ್ಲಿ ಸಂತತಿ ಮುಗಿದಂತೆಯೇ? ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದಿಲ್ಲವೇ?

— ಧಾರವಾಡದಿಂದ

ಕೂಡುತ್ತದೆ ಸರ್. ಗಂಡುಗಳು ಹೆಣ್ಣುಗಳಿಗಿಂತ ಹೆಚ್ಚು ಬಾರಿ ಕೂಡಲು ಬರುತ್ತವೆ. ಹೆಣ್ಣುಗಳಿಗೆ ನಡುವೆ ಕೆಲವು ವರ್ಷಗಳ ಬಿಡುವು ಬೇಕು. ಹಾಗಾಗಿ ಹೆಣ್ಣು ಹೆಚ್ಚಿದ್ದ ಮಾತ್ರಕ್ಕೆ ಕೂಡಲೇ ಅಳಿವಲ್ಲ. ಎಷ್ಟು ಗಂಡು ಸಾಕು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ನನಗೆ ಹೆಚ್ಚಿನ ಭಯ ಮೊಟ್ಟೆಯದು: ಕಾವು 33–34 ಡಿಗ್ರಿ ದಾಟಿ ಹಾಗೆಯೇ ನಿಂತರೆ ಮರಿಗಳು ಒಳಗೇ ಸಾಯುತ್ತವೆ. ಹೊನ್ನಾವರದ ಕಾಸರಕೋಡು ತೀರದಲ್ಲೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮೊಟ್ಟೆಗಳನ್ನು ಬೇಲಿಯೊಳಗೆ ಸ್ಥಳಾಂತರಿಸುವವರು ನೆರಳು ಎಷ್ಟಿದೆ, ಗುಂಡಿ ಎಷ್ಟು ಆಳ ಎಂಬುದನ್ನೂ ನೋಡಬೇಕು. ಅಲ್ಲಿ ಗೊತ್ತಿಲ್ಲದೆಯೇ ಮರಿಗಳ ಲಿಂಗವನ್ನೂ ನಾವೇ ಗೊತ್ತುಮಾಡುತ್ತಿರುತ್ತೇವೆ.

— ಕುಮಟಾದಿಂದ

ಎಲ್ಲರಿಗೂ ವಂದನೆಗಳು. ‘ಕಾವಿನಿಂದ ಲಿಂಗ ಗೊತ್ತಾಗುವಿಕೆ’ ಎಂದು ತಿದ್ದಿದ್ದೇನೆ. ‘ಸರಾಸರಿ’ ತೆಗೆದು ‘ನಡುಗಾಲದ ಕಾವು’ ಎಂದು ಮಾಡಿದ್ದೇನೆ. ‘ಹೆಣ್ಣೀಕರಣ’ದ ಬದಲು ‘ಗಂಡುಮರಿಗಳ ಕೊರತೆ’ ಎಂದಿದ್ದೇನೆ. ಅರ್ಧಕ್ಕರ್ಧದ ಬಿಸಿಗೆ ‘ಸಮಪಾಲಿನ ಕಾವು’ ಎಂದುಕೊಂಡಿದ್ದೇನೆ, ಆದರೆ ಅಲ್ಲಿಂದ ಆಚೀಚೆ ವಾಲುತ್ತದೆ ಎಂಬ ಅರ್ಥ ಅದರಲ್ಲಿ ಬರುತ್ತಿಲ್ಲ. ಹೊಳೆದವರು ತಿಳಿಸಿ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ.

— ಮೈಸೂರಿನಿಂದ