ಹೇಳಿಕೆಯಲ್ಲಿ ‘ಕೈ ಮಾಡಿದ್ರು’: ವರದಿಗೆ ಹೇಗೆ ಬರೆಯುವುದು?

ಹುಬ್ಬಳ್ಳಿಯಿಂದ ಪ್ರಶ್ನೆ:
ನಮ್ಮ ಆಫೀಸಿನಲ್ಲಿ ಬಿಲ್ಲಿನ ಸಹಿ ಸಲುವಾಗಿ ಅಕೌಂಟ್ಸ್‌ನವರಿಗೂ ಸ್ಟೋರಿನವರಿಗೂ ಜಗಳಾಗಿದೆ. ಎರಡೂ ಕಡೆಯ ಮಾತು ಬರೆದು ಬೆಂಗಳೂರಿನ ಎಚ್‌ಆರ್‌ಗೆ ಕಳಿಸಬೇಕು. ಅಕೌಂಟ್ಸ್‌ನವರು, ‘ಮೈಮ್ಯಾಲೆ ಬಂದು ಕೈ ಮಾಡಿದ್ರು, ಸಾಹೇಬ್ರ ಕಡೆ ನಡೀಲೇ ಅಂದ್ರು’ ಅಂತಾರೆ. ಸ್ಟೋರಿನವರು, ‘ಬಾಗಲಾ ಕಡೆ ಕೈ ಮಾಡಿ, ಸಾಹೇಬ್ರ ಕಡೆ ನಡೀರಿ ಅಂದೆ, ಅಷ್ಟ’ ಅಂತಾರೆ. ಇಬ್ಬರದೂ ಅದೇ ಪದ. ‘ಹಲ್ಲೆಗೆ ಯತ್ನಿಸಿದರು’ ಎಂದು ಬರೆದರೆ ನಡೆದೀತೇ?

ಧಾರವಾಡದಿಂದ:
ಕೈ ಮಾಡುವುದೆಂದರೆ ಹೊಡೆಯುವುದೇ. ‘ಹಿರಿಯರ ಮ್ಯಾಲೆ ಕೈ ಮಾಡಬ್ಯಾಡ’ ಅನ್ನುವುದಿಲ್ಲವೇ? ನೇರ ‘ಹಲ್ಲೆ ಮಾಡಿದರು’ ಎಂದೇ ಬರೆಯಿರಿ.

ಗದಗದಿಂದ:
‘ಮ್ಯಾಲೆ’ ಇದ್ದಾಗ ಆ ಅರ್ಥ ಸರಿ. ‘ಕಡೆ ಕೈ ಮಾಡಿದ’ ಅಂದರೆ ತೋರಿಸಿದ, ‘ಕೈ ಮಾಡಿ ಕರೆದ’ ಅಂದರೆ ಸನ್ನೆ ಮಾಡಿದ. ಅಕೌಂಟ್ಸ್‌ನವರ ಮಾತಿನಲ್ಲಿ ಯಾರ ಮ್ಯಾಲೆ, ಯಾವ ಕಡೆ ಎಂಬುದೇ ಇಲ್ಲ. ಅದನ್ನು ನಾವು ತುಂಬಿದರೆ ಅದು ಅವರ ಹೇಳಿಕೆ ಆಗುವುದಿಲ್ಲ. ‘ಹಲ್ಲೆ’ ಪದವಂತೂ ಬೇಡವೇ ಬೇಡ. ಪತ್ರಿಕೆ ಓದುವವರಿಗೆ ಅದು ಹೊಡೆತ. ಭಾರತೀಯ ನ್ಯಾಯ ಸಂಹಿತೆಯ 130ನೇ ಕಲಮಿನಲ್ಲಾದರೆ ಮೈ ಮುಟ್ಟದೆ, ಹೊಡೆದಾರೆಂಬ ಭಯ ಹುಟ್ಟಿಸುವ ಸನ್ನೆಯೂ ಸಾಕು. ಓದುವವರು ಎರಡು ಥರ ತಿಳಿದುಕೊಳ್ಳುತ್ತಾರೆ, ತೀರ್ಪನ್ನೂ ನೀವೇ ಕೊಟ್ಟಂತಾಗುತ್ತದೆ.

ಮತ್ತೆ ಇಬ್ಬರನ್ನೂ ಬೇರೆ ಬೇರೆ ಕೂಡಿಸಿ ಅವೇ ಪ್ರಶ್ನೆ ಕೇಳಿರಿ: ಯಾವ ಕೈ, ಮುಷ್ಟಿಯೋ ಬಿಚ್ಚಿದ ಅಂಗೈಯೋ, ಎಷ್ಟು ಎತ್ತರ, ನಡುವೆ ಎಷ್ಟು ಅಂತರ, ತಾಗಿತೋ ಇಲ್ಲವೋ. ಉತ್ತರ ಬಂದ ಮೇಲೆ ಹೀಗೆ ಬರೆಯಬಹುದು:

‘ಅಕೌಂಟ್ಸ್ ಸಿಬ್ಬಂದಿ ಹೇಳಿದ್ದು: ಎದುರಿನವರು ಮೇಜು ಬಳಸಿ ಒಂದೂವರೆ ಅಡಿ ಹತ್ತಿರ ಬಂದು, ಬಿಚ್ಚಿದ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿದರು. ಕೈ ತಾಗಲಿಲ್ಲ. ಸ್ಟೋರ್ ಸಿಬ್ಬಂದಿ ಹೇಳಿದ್ದು: ನಿಂತಲ್ಲಿಂದಲೇ ಬಲಗೈ ಚಾಚಿ ಬಾಗಿಲು ತೋರಿಸಿದೆ.’

ಇದರ ಕೆಳಗೆ ಅವರಾಡಿದ ಮಾತನ್ನು ಉದ್ಧರಣ ಚಿಹ್ನೆಯಲ್ಲಿ ಇದ್ದಂತೆಯೇ ಇಡಿ. ಒಬ್ಬರಿಗೆ ‘ಹೇಳಿದರು’, ಇನ್ನೊಬ್ಬರಿಗೆ ‘ಒಪ್ಪಿಕೊಂಡರು’ ಅಂತ ಮಾತ್ರ ಬರೆಯಬೇಡಿ. ‘ಒಪ್ಪಿಕೊಂಡರು’ ಅಂದ ಕೂಡಲೇ ತಪ್ಪು ಅವರದಾಗಿ ಕಾಣುತ್ತದೆ.

ಹಾವೇರಿಯಿಂದ:
ನಮ್ಮಲ್ಲಿಯ ವರದಿಯೊಂದರಲ್ಲಿ ‘ಫೈಲ್ ಒಗೆದರು’ ಅಂತಿದೆ. ಬೆಂಗಳೂರಿನವರು ‘ಒಗೆಯೋದು ಬಟ್ಟೆ ಅಲ್ವಾ?’ ಅಂತ ಕೇಳಿದ್ದಾರೆ. ‘ಎಸೆದರು’ ಅಂತ ತಿದ್ದಲೇ?

ಗದಗದಿಂದ:
ತಿದ್ದಬೇಡಿ, ಪಕ್ಕದಲ್ಲಿ ಅರ್ಥ ಬರೆಯಿರಿ. ನಮ್ಮ ಕಡೆ ಸಿಟ್ಟಿನಿಂದ ಬೀಸಿದರೂ ಒಗೆದದ್ದೇ, ಮೇಜಿನ ಮೇಲೆ ಸುಮ್ಮನೆ ಹಾಕಿದರೂ ಒಗೆದದ್ದೇ. ಫೈಲ್ ಎಲ್ಲಿ ಬಿತ್ತು, ಯಾರಿಗಾದರೂ ತಾಗಿತೋ ಎಂಬುದನ್ನು ಸೇರಿಸಿ.

ಹುಬ್ಬಳ್ಳಿಯಿಂದ:
ಕೇಳಿದೆ. ಕೈ ತಾಗಿಲ್ಲ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ಅಂತರದಲ್ಲಿ ಮಾತ್ರ ತಾಳೆಯಿಲ್ಲ. ಪ್ಯೂನ್ ಕಂಡಿದ್ದು ‘ಕೈ ಮ್ಯಾಲಿತ್ತು’ ಅನ್ನುವಷ್ಟೇ. ಇನ್ನು ‘ನಡೀಲೇ’, ‘ನಡೀರಿ’ ಉಳಿದಿದೆ.

ಧಾರವಾಡದಿಂದ:
ನಮ್ಮಲ್ಲಿ ‘ಲೇ’ ಬೈಗುಳವಲ್ಲ, ಸಲಿಗೆ. ಅದನ್ನು ಬಿಟ್ಟೇ ಬಿಡಿ.

ಗದಗದಿಂದ:
ಸಲಿಗೆಯೂ ಹೌದು, ಸಸಾರವೂ ಹೌದು. ಬಿಡಬೇಡಿ. ಆ ದಿನಕ್ಕಿಂತ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ‘ನೀ’ ಅನ್ನುತ್ತಿದ್ದರೋ ‘ನೀವು’ ಅನ್ನುತ್ತಿದ್ದರೋ ಕೇಳಿ, ಅದನ್ನೂ ಒಂದು ಸಾಲು ಬರೆಯಿರಿ.